ಬೆಂಕಿಗೆ ಬೆನ್ನು ಹಾಕಿ ನಿಲ್ಲುವ ಇಬ್ಬರು ಬೇಕು

ಕಾಸರಗೋಡಿನ ಗುಡ್ಡೆ, ಪದವು, ಕಡಲತೀರಗಳಿಗೆ ಚಿತ್ರೀಕರಣಕ್ಕೆ ಬರುವ ನಿರ್ಮಾಪಕರು, ನಿರ್ದೇಶಕರು, ಸಾಹಸ ನಿರ್ದೇಶಕರು ಮತ್ತು ಅವರಿಗೆ ಅನುಮತಿ ಕೊಡುವ ಗ್ರಾಮ ಪಂಚಾಯತುಗಳ ಅಧ್ಯಕ್ಷರು, ಸದಸ್ಯರಿಗೆ ಒಂದು ಬಹಿರಂಗ ಪತ್ರ.

ಮಾನ್ಯರೆ,

ನಾನು ಹದಿಮೂರು ವರ್ಷಗಳಿಂದ ಇಲ್ಲಿ ಲೊಕೇಶನ್ ಮ್ಯಾನೇಜರ್ ಕೆಲಸ ಮಾಡುತ್ತಿದ್ದೇನೆ. ಬೆಂಗಳೂರಿನಿಂದ, ಕೊಚ್ಚಿಯಿಂದ, ಚೆನ್ನೈಯಿಂದ ಬರುವ ಯೂನಿಟ್‌ಗಳಿಗೆ ಜಾಗ ತೋರಿಸುವುದು, ಜನ ಒದಗಿಸುವುದು, ಪಂಚಾಯತು-ಠಾಣೆಗಳಿಗೆ ಅರ್ಜಿ ಬರೆಯುವುದು ನನ್ನ ಕೆಲಸ. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಮುಖ್ಯವಾಗಿ ಒಂದನ್ನು. ರಾತ್ರಿ ಬೆಂಕಿಯ ದೃಶ್ಯ ತೆಗೆಯುವುದಾದರೆ, ಆ ಜಾಗದ ಅಪಾಯವನ್ನು ಅದೇ ರಾತ್ರಿಯ ಹೊತ್ತಿಗೆ ಅಲ್ಲಿ ನಿಂತು ಲೆಕ್ಕ ಹಾಕಿ. ಸಂಜೆ ನಾಲ್ಕಕ್ಕೆ ಬಂದು ನೋಡಿ ಹೋಗುವ ಗುಡ್ಡೆಯೂ ರಾತ್ರಿ ಹನ್ನೊಂದಕ್ಕೆ ನೀವು ಬೆಂಕಿ ಹಚ್ಚುವ ಗುಡ್ಡೆಯೂ ಒಂದೇ ಅಲ್ಲ. ಇದು ಹೊತ್ತಿಗೆ ನೆನಪಾಗದೆ ನಾನು ಒಬ್ಬ ಹುಡುಗನ ಕಾಲು ಮುರಿಸಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು, ಫೆಬ್ರವರಿ ತಿಂಗಳು. ಪೆರ್ಲ ಮತ್ತು ಬಾಯಾರಿನ ನಡುವೆ ಕರ್ನಾಟಕದ ಗಡಿಗೆ ಹತ್ತಿರದ ಒಂದು ಪದವಿನಲ್ಲಿ, ಅಂದರೆ ಗುಡ್ಡೆಯ ಮೇಲಿನ ಬಯಲಿನಲ್ಲಿ, ಮುಳಿಹುಲ್ಲಿನ ಮನೆ ಹೊತ್ತಿ ಉರಿಯುವ ದೃಶ್ಯ. ಬಟ್ಟೆಗೆ ಬೆಂಕಿ ಹತ್ತಿದ ಒಬ್ಬ ಮನೆಯೊಳಗಿಂದ ಓಡಿ ಬರಬೇಕು, ಸುತ್ತ ಮೂವತ್ತು ಮಂದಿ ಊರವರು ಕಿರುಚಬೇಕು. ಯಾವ ಚಿತ್ರ, ಯಾವ ಸಂಸ್ಥೆ ಎಂದು ಇಲ್ಲಿ ಹೇಳುವುದಿಲ್ಲ. ಜಾಗ ತೋರಿಸಿದವನು ನಾನು, ತಪ್ಪಿನಲ್ಲಿ ನನ್ನ ಪಾಲು ದೊಡ್ಡದು.

ನಾವು ಜಾಗ ನೋಡಲು ಹೋದದ್ದು ಸಂಜೆ ನಾಲ್ಕು ಗಂಟೆಗೆ. ಪಡುವಣದ ಗಾಳಿ ಚೆನ್ನಾಗಿ ಬೀಸುತ್ತಿತ್ತು. ಮೂಡು ದಿಕ್ಕಿಗೆ ಬರೀ ಬೋಳು ಪಾದೆಕಲ್ಲು, ಅದರಾಚೆ ಕೆಂಪುಕಲ್ಲು ತೆಗೆದು ಬಿಟ್ಟ ಹಳೆಯ ಕೋರೆ. ಪಡು ದಿಕ್ಕಿಗೆ ಸೊಂಟದೆತ್ತರದ ಒಣ ಮುಳಿ, ಅದರ ಕೆಳಗೆ ಗೇರು ತೋಪು. ಗಾಳಿ ಪಡುವಿನಿಂದ ಮೂಡಿಗೆ ಹೋಗುವುದರಿಂದ ಕಿಡಿ ಹಾರಿದರೂ ಪಾದೆಯ ಮೇಲೆ ಬೀಳುತ್ತದೆ, ಜನ, ಕ್ಯಾಮೆರಾ, ಜನರೇಟರ್ ಎಲ್ಲ ಪಡು ಬದಿಗೆ ಇರಲಿ ಎಂದು ತೀರ್ಮಾನವಾಯಿತು. ಲೆಕ್ಕಕ್ಕೆ ಅದು ಸರಿಯಾದ ತೀರ್ಮಾನವೇ ಆಗಿತ್ತು. ಸಂಜೆ ನಾಲ್ಕು ಗಂಟೆಗೆ.

ನಮ್ಮ ಕರಾವಳಿಯಲ್ಲಿ ಹಗಲು ನೆಲ ಬೇಗ ಕಾಯುತ್ತದೆ, ಕಡಲಿನಿಂದ ಗಾಳಿ ಒಳಗೆ ಬರುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಗಾಳಿ ತಿರುಗಿ ಕಡಲಿಗೆ ಹೋಗುತ್ತದೆ. ನಡುವೆ ಸಂಜೆಯಾದ ಮೇಲೆ ಸ್ವಲ್ಪ ಹೊತ್ತು ಎಲೆಯೂ ಅಲುಗುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಈ ಮೂಡುಗಾಳಿ ಇನ್ನಷ್ಟು ಜೋರು. ಮೀನಿಗೆ ಹೋಗುವವರಿಗೆ ಇದು ಗೊತ್ತು, ತೋಟದಲ್ಲಿ ತರಗೆಲೆಗೆ ಬೆಂಕಿ ಹಾಕುವ ಅಜ್ಜಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಆ ಸಂಜೆ ಅದು ನೆನಪಿಗೆ ಬರಲಿಲ್ಲ, ನೆನಪಿಸುವಂತೆ ಕೇಳುವ ಕಾಗದವೂ ನಮ್ಮ ಕೈಯಲ್ಲಿ ಇರಲಿಲ್ಲ.

ರಾತ್ರಿ ಹನ್ನೊಂದೂಕಾಲಿಗೆ ಮನೆಗೆ ಬೆಂಕಿ ಕೊಟ್ಟರು. ಕಿಡಿಗಳು ಎದ್ದವು, ಎಲ್ಲರ ತಲೆಯ ಮೇಲಿಂದ ಪಡುವಣಕ್ಕೆ ಹೋದವು. ಎಲ್ಲರೂ ಬೆಂಕಿಯನ್ನೇ ನೋಡುತ್ತಿದ್ದೆವು, ನೋಡಲೆಂದೇ ಹಚ್ಚಿದ ಬೆಂಕಿ ಅದು. ನಮ್ಮ ಬೆನ್ನ ಹಿಂದೆ ಮುಳಿಗೆ ಬೆಂಕಿ ಹತ್ತಿದ್ದನ್ನು ಮೊದಲು ಕಂಡದ್ದು ಚಹಾ ಕೊಡಲು ಬಂದ ಹೆಂಗಸು. ಆಕೆ ತುಳುವಿನಲ್ಲಿ ಕೂಗಿದರು. ಚೆನ್ನೈಯಿಂದ ಬಂದ ಸಾಹಸ ತಂಡಕ್ಕೆ ಅದು ಅರ್ಥವಾಗಲಿಲ್ಲ. ಊರವರು ಕಿರುಚುವುದು ದೃಶ್ಯದ ಭಾಗವೇ ಆಗಿದ್ದುದರಿಂದ ಉಳಿದವರೂ ತಿರುಗಲಿಲ್ಲ. ಬೆಂಕಿ ಜನರೇಟರ್ ಕಡೆಗೆ ಬಂತು, ಅದರ ಹುಡುಗ ಹೆದರಿ ಯಂತ್ರ ನಿಲ್ಲಿಸಿದ. ಅವನು ಮಾಡಿದ್ದು ಸರಿ, ಡೀಸೆಲ್ ಟ್ಯಾಂಕಿನ ಪಕ್ಕ ಬೆಂಕಿ ಬರುವಾಗ ಬೇರೇನು ಮಾಡಬೇಕು? ಆದರೆ ಗುಡ್ಡೆಯ ಮೇಲಿನ ಎಲ್ಲ ದೀಪವೂ ಆ ಒಂದು ಯಂತ್ರದಿಂದಲೇ ಉರಿಯುತ್ತಿತ್ತು. ಜನ ಹುಲ್ಲಿನ ಬೆಂಕಿಯಿಂದ ದೂರ ಬೋಳು ಪಾದೆಯತ್ತ, ಅಂದರೆ ಮೂಡಿಗೆ ಓಡಿದರು. ಅತ್ತ ಕೋರೆ ಇತ್ತು.

ಬಿದ್ದವನು ನಮ್ಮ ನೆರೆಮನೆಯ ಹುಡುಗ, ಆಗ ಅವನಿಗೆ ಹತ್ತೊಂಬತ್ತು. ಹದಿನಾಲ್ಕು ಅಡಿ ಆಳ, ಗರಗಸದಿಂದ ಕೊಯ್ದ ಹಾಗೆ ನೆಟ್ಟಗಿನ ಗೋಡೆ. ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಅವನು ನನಗೆ ಹೇಳಿದ್ದು ಇಷ್ಟು: "ಅಣ್ಣಾ, ನಾನು ಹಗಲು ಆ ಗುಂಡಿ ನೋಡಿದ್ದೆ. ಎಲ್ಲಿದೆ ಅಂತ ಗೊತ್ತಿತ್ತು. ಬೆಂಕಿ ನೋಡಿ ನೋಡಿ ಆ ಕಡೆ ತಿರುಗಿದ ಕೂಡ್ಲೆ ಕಣ್ಣಿಗೆ ಏನೂ ಕಾಣ್ಲಿಲ್ಲ."

ಅವನ ತಾಯಿ ಹೇಳಿದ ಮಾತನ್ನೂ ಬರೆಯಬೇಕು. "ಸಿನಿಮಾ ಅಂತ ಕಳಿಸಿದ್ದಲ್ಲ ಮಾರಾಯ್ರೇ, ನೀವಿದ್ದೀರಿ ಅಂತ ಕಳಿಸಿದ್ದು."

ಹುಡುಗ ಹೇಳಿದ್ದರಲ್ಲಿ ಒಂದು ಇಡೀ ಪಾಠ ಇದೆ. ಉರಿಯುವ ಬೆಂಕಿ ನೋಡಿದ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಮೊದಲ ಒಂದೆರಡು ನಿಮಿಷ ಮನುಷ್ಯ ಹೆಚ್ಚುಕಡಿಮೆ ಕುರುಡ. ಆದ್ದರಿಂದ ಬೆಂಕಿಯ ದೃಶ್ಯದಲ್ಲಿ ಅತಿ ಅಪಾಯದ ಗಳಿಗೆ ಬೆಂಕಿ ಆರಿದ ಗಳಿಗೆಯೇ. ನಿರ್ದೇಶಕರು ಕಟ್ ಹೇಳಿ ಎಲ್ಲರೂ ಉಸಿರು ಬಿಟ್ಟು ಹಿಂದೆ ಹೆಜ್ಜೆ ಇಡುವ ಹೊತ್ತು ಅದು.

ಅಪಾಯದ ಲೆಕ್ಕ ಎಂದರೆ ಹಲವರು ಅಂಕಿಗಳ ಕೋಷ್ಟಕ ಎಂದುಕೊಳ್ಳುತ್ತಾರೆ. ಒಂದು ಅನಾಹುತ ಆಗುವ ಸಾಧ್ಯತೆಗೆ 1ರಿಂದ 5, ಅದು ಆದಾಗ ಆಗುವ ಹಾನಿಗೆ 1ರಿಂದ 5, ಎರಡನ್ನೂ ಗುಣಿಸಿದರೆ ಬರುವ ಅಂಕಿ ನೋಡಿ ಯಾವುದಕ್ಕೆ ಮೊದಲು ಕೈ ಹಾಕಬೇಕೆಂದು ನಿರ್ಧರಿಸುವುದು. ಅಂಕಿಗಳ ಮೇಲೆ ನನಗೆ ಅತಿಯಾದ ನಂಬಿಕೆಯಿಲ್ಲ, ಒಬ್ಬರು 3 ಕೊಟ್ಟಲ್ಲಿ ಇನ್ನೊಬ್ಬರು 4 ಕೊಡುತ್ತಾರೆ. ಆದರೆ ಒಂದು ಕೆಲಸಕ್ಕೆ ಅದು ಬಹಳ ಒಳ್ಳೆಯದು. ಅದೇ ಕೋರೆಯನ್ನು ಹಗಲಿಗೊಮ್ಮೆ, ರಾತ್ರಿಗೊಮ್ಮೆ ಬರೆದು ನೋಡಿ. ಹಗಲಲ್ಲಿ ಬೀಳುವ ಸಾಧ್ಯತೆ 1, ಬಿದ್ದರೆ ಹಾನಿ 5, ಗುಣಿಸಿದರೆ 5. ರಾತ್ರಿ, ಮೂವತ್ತು ಜನ ಬೆಂಕಿ ನೋಡಿ ತಿರುಗುವಾಗ ಸಾಧ್ಯತೆ 4, ಹಾನಿ ಅದೇ 5, ಗುಣಿಸಿದರೆ 20. ಗುಂಡಿ ಒಂದಿಂಚೂ ಕದಲಿಲ್ಲ, ಅಪಾಯ ನಾಲ್ಕು ಪಟ್ಟಾಯಿತು. ನಮ್ಮ ಕೈಯಲ್ಲಿ ಹಗಲಿನ ಲೆಕ್ಕ ಮಾತ್ರ ಇತ್ತು. ಅದೂ ತಲೆಯಲ್ಲಿ, ಕಾಗದದಲ್ಲಿ ಅಲ್ಲ.

ಅದೇ ಪದವಿನಲ್ಲಿ ಅದೇ ದೃಶ್ಯವನ್ನು ಇವತ್ತು ತೆಗೆಯಬೇಕಾದರೆ ನಾನು ಏನು ಕೇಳುತ್ತೇನೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಬೆಂಕಿಯ ವಿಷಯ. ನಿಜವಾದ ಮುಳಿಮನೆ ಕಟ್ಟಿ ಪೆಟ್ರೋಲ್ ಎರಚಿ ಹಚ್ಚುವ ಪದ್ಧತಿಯನ್ನು ದಯವಿಟ್ಟು ಬಿಡಿ. ಪೆಟ್ರೋಲು ಎಂಥ ತಣ್ಣನೆಯ ರಾತ್ರಿಯಲ್ಲೂ ಆವಿಯಾಗುತ್ತದೆ, ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಕಾಣದಂತೆ ಹರಿಯುತ್ತದೆ. ಎರಚಿದವನು ಹತ್ತು ಹೆಜ್ಜೆ ಹಿಂದೆ ಬಂದು ಕಡ್ಡಿ ಗೀರಿದರೂ ಅದು ಅವನ ಕಾಲಬುಡದಿಂದಲೇ ಹೊತ್ತಿಕೊಳ್ಳಬಹುದು. ಹಚ್ಚಿದ ಮೇಲೆ ಅದನ್ನು ಆರಿಸುವ ಸ್ವಿಚ್ಚು ಯಾರ ಕೈಯಲ್ಲೂ ಇರುವುದಿಲ್ಲ. ಕಬ್ಬಿಣದ ಪೈಪಿನ ಚೌಕಟ್ಟು ಮಾಡಿ, ತೂತು ಕೊರೆದ ಗ್ಯಾಸ್ ಪೈಪುಗಳನ್ನು ಅದಕ್ಕೆ ಕಟ್ಟಿ, ಮೇಲೆ ತೆಳ್ಳಗೆ ಹುಲ್ಲು ಹೊದೆಸಿದರೆ ಕ್ಯಾಮೆರಾಕ್ಕೆ ಅದೇ ಉರಿ ಸಿಗುತ್ತದೆ. ವ್ಯತ್ಯಾಸವಿಷ್ಟೇ, ವಾಲ್ವ್ ತಿರುಗಿಸಿದರೆ ಪೈಪಿನ ಉರಿ ನಿಲ್ಲುತ್ತದೆ, ಉಳಿಯುವುದು ಆ ತೆಳ್ಳಗಿನ ಹುಲ್ಲು, ಅದನ್ನು ನೀರು ನೋಡಿಕೊಳ್ಳುತ್ತದೆ. ವಾಲ್ವಿನ ಹತ್ತಿರ ಒಬ್ಬ ನಿಲ್ಲಬೇಕು, ಅವನಿಗೆ ಆ ರಾತ್ರಿ ಬೇರೆ ಕೆಲಸ ಇರಬಾರದು.

ಗ್ಯಾಸಿಗೂ ತನ್ನದೇ ಕೆಟ್ಟ ಗುಣಗಳಿವೆ. ಅಡುಗೆ ಅನಿಲವೂ ಗಾಳಿಗಿಂತ ಭಾರ. ಸೋರಿದರೆ ತಗ್ಗಿಗೆ ಇಳಿದು ನಿಲ್ಲುತ್ತದೆ, ನಮ್ಮ ಪದವಿನಲ್ಲಿ ತಗ್ಗು ಎಂದರೆ ಕೋರೆ. ಹಾಗಾಗಿ ಸಿಲಿಂಡರುಗಳನ್ನು ಕೋರೆಯ ಮೇಲಂಚಿಗೆ ಇಡಬಾರದು. ಇನ್ನೊಂದು, ಒಂದೇ ಸಿಲಿಂಡರಿನಿಂದ ತುಂಬ ಅನಿಲ ಎಳೆದರೆ ಅದರೊಳಗಿನ ದ್ರವ ಆವಿಯಾಗುತ್ತಾ ಸಿಲಿಂಡರನ್ನೇ ತಣ್ಣಗಾಗಿಸುತ್ತದೆ. ಹೊರಗೆ ಬಿಳಿ ಮಂಜು ಕಟ್ಟುತ್ತದೆ, ಉರಿ ಕುಗ್ಗುತ್ತದೆ. ಆಗ ಅವಸರದಲ್ಲಿ ಸಿಲಿಂಡರನ್ನು ಮಲಗಿಸುವುದನ್ನು, ಬಿಸಿನೀರು ಹೊಯ್ಯುವುದನ್ನು ನಾನು ಕಂಡಿದ್ದೇನೆ. ಮಲಗಿಸಿದರೆ ಪೈಪಿಗೆ ಆವಿಯ ಬದಲು ದ್ರವವೇ ನುಗ್ಗಿ ಉರಿ ಒಮ್ಮೆಲೇ ಹಲವು ಪಟ್ಟು ಏಳುತ್ತದೆ. ಮಂಜು ಕಂಡರೆ ವಾಲ್ವ್ ಮುಚ್ಚಿ ಟೇಕ್ ನಿಲ್ಲಿಸಬೇಕು, ಮುಂದಿನ ಟೇಕಿಗೆ ಹೆಚ್ಚು ಸಿಲಿಂಡರುಗಳನ್ನು ಒಟ್ಟಿಗೆ ಜೋಡಿಸಬೇಕು.

ಎರಡನೆಯದು ಕಿಡಿ. 2024ರ ಅಕ್ಟೋಬರ್ 28ರ ರಾತ್ರಿ ನಮ್ಮದೇ ಜಿಲ್ಲೆಯ ನೀಲೇಶ್ವರದ ವೀರರ್‌ಕಾವಿನಲ್ಲಿ ತೆಯ್ಯಂ ನಡೆಯುವಾಗ ಪಟಾಕಿಯ ಕಿಡಿ ಪಟಾಕಿ ರಾಶಿ ಹಾಕಿದ್ದ ಶೆಡ್ಡಿಗೆ ಬಿತ್ತು. ನೂರೈವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಕೆಲವರು ಮುಂದೆ ಆಸ್ಪತ್ರೆಗಳಲ್ಲಿ ತೀರಿಕೊಂಡರು. ಗಾಯಾಳುಗಳನ್ನು ಕಣ್ಣೂರು, ಕೋಝಿಕ್ಕೋಡು, ಮಂಗಳೂರುಗಳಿಗೆ ಸಾಗಿಸಬೇಕಾಯಿತು. ಅದು ಸಿನಿಮಾ ಅಲ್ಲ, ಆದರೆ ನಮಗೆ ತಿಳಿಯಬೇಕಾದದ್ದು ಅದರಲ್ಲಿದೆ. ಹಚ್ಚುವ ಬೆಂಕಿಗೂ ಹೊತ್ತಿಕೊಳ್ಳಬಲ್ಲ ಸಾಮಾನಿಗೂ ನಡುವೆ ಇರಬೇಕಾದ ದೂರವನ್ನು ಕಿಡಿ ಎಲ್ಲಿಯವರೆಗೆ ಹಾರಬಲ್ಲದು ಎಂಬುದರಿಂದ ಅಳೆಯಬೇಕು, ನಾವು ನಿಂತಲ್ಲಿಗೆ ಕಾವು ತಟ್ಟುತ್ತದೆಯೇ ಎಂಬುದರಿಂದ ಅಲ್ಲ. ಪದವಿನಲ್ಲಿ ನಾನು ಮನೆಯ ಸುತ್ತ ಕಡಿಮೆಯೆಂದರೆ 30 ಮೀಟರ್ ಮುಳಿ ಹೆರೆಸಿ, ದೃಶ್ಯಕ್ಕೆ ಅರ್ಧ ಗಂಟೆ ಮುಂಚೆ ನೀರು ಹೊಡೆಸುತ್ತೇನೆ. ಗಾಳಿ ಹೋಗುವ ದಿಕ್ಕಿಗೆ ಇದರ ಎರಡರಷ್ಟು. ದಿಕ್ಕು ಯಾವುದೆಂದು ರಾತ್ರಿಯ ಹೊತ್ತಿಗೆ ಗುಡ್ಡೆಯ ಮೇಲೆ ಕೋಲಿಗೆ ಬಟ್ಟೆಯ ಪಟ್ಟಿ ಕಟ್ಟಿ ನೋಡಿಯೇ ಹೇಳಬೇಕು. ಮೂರು ರಾತ್ರಿ ನೋಡಿದರೆ ಇನ್ನೂ ಒಳ್ಳೆಯದು.

ಅದಾದ ಮೇಲೂ ಕಿಡಿ ಹಾರುತ್ತದೆ. ಅದಕ್ಕೇ ನಾನು ಈ ಪತ್ರಕ್ಕೆ ಆ ತಲೆಬರಹ ಕೊಟ್ಟದ್ದು. ಗಾಳಿ ಹೋಗುವ ಕಡೆ, ಬಯಲಿನ ಅಂಚಿನಲ್ಲಿ ಇಬ್ಬರು ಬೆಂಕಿಗೆ ಬೆನ್ನು ಹಾಕಿ ನಿಲ್ಲಬೇಕು. ಒಮ್ಮೆಯೂ ತಿರುಗಿ ನೋಡಬಾರದು. ಅವರ ಕಣ್ಣು ಕತ್ತಲೆಗೆ ಒಗ್ಗಿರುತ್ತದೆ, ಹುಲ್ಲಿನಲ್ಲಿ ಬೀಡಿಯ ತುದಿಯಷ್ಟು ಕೆಂಪು ಕಂಡರೂ ಗುರುತಿಸುತ್ತಾರೆ. ಕೈಯಲ್ಲಿ ಹಸಿ ಸೊಪ್ಪಿನ ಕೊಂಬೆ, ಬೆನ್ನಿಗೆ ಔಷಧಿ ಹೊಡೆಯುವ ಪಂಪಿನಲ್ಲಿ ನೀರು, ಕೊರಳಲ್ಲಿ ಸೀಟಿ. ಪಂಪು ಹೊಸದಾಗಿರಲಿ, ವಿಷದ ವಾಸನೆಯಿರುವ ಹಳೆಯದು ಬೇಡ. ಊರಿನ ಹುಡುಗರು ಈ ಕೆಲಸವನ್ನು ಯಾರಿಗಿಂತಲೂ ಚೆನ್ನಾಗಿ ಮಾಡುತ್ತಾರೆ, ಗುಡ್ಡೆಗೆ ಬೆಂಕಿ ಬಿದ್ದಾಗ ಸೊಪ್ಪಿನಲ್ಲಿ ಬಡಿದು ಆರಿಸಿ ಬೆಳೆದವರು ಅವರು. ದುಡ್ಡು ಕೊಟ್ಟು ಅವರನ್ನು ಇದಕ್ಕೇ ನೇಮಿಸಿ.

ನೀರಿನ ಲೆಕ್ಕ ಸುಲಭ, ಆದರೆ ಯಾರೂ ಹಾಕುವುದಿಲ್ಲ. ಉಪ್ಪಳದಿಂದಲೋ ಕಾಸರಗೋಡಿನಿಂದಲೋ ಅಗ್ನಿಶಾಮಕ ವಾಹನ ಆ ಗುಡ್ಡೆಗೆ ಬರಲು ನಲವತ್ತು ನಿಮಿಷ ಬೇಕು ಎಂದಿಟ್ಟುಕೊಳ್ಳಿ. ನಿಮ್ಮ ಪಂಪು ನಿಮಿಷಕ್ಕೆ 200 ಲೀಟರ್ ಹೊಡೆದರೆ 6,000 ಲೀಟರಿನ ಟ್ಯಾಂಕರ್ ಅರ್ಧ ಗಂಟೆಗೆ ಖಾಲಿ. ಅಂದರೆ ಹತ್ತು ನಿಮಿಷ ನಿಮ್ಮ ಕೈಯಲ್ಲಿ ಒಣ ಪೈಪು. ಹಾಗಾಗಿ ಎರಡು ಟ್ಯಾಂಕರ್ ಬೇಕು, ಒಂದು ಅಲ್ಲ. ಫೆಬ್ರವರಿಯಲ್ಲಿ ಊರಿನ ಬಾವಿ, ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗಗಳಲ್ಲೂ ನೀರು ಇಳಿದಿರುತ್ತದೆ. ಅಲ್ಲಿಂದ ಎತ್ತಬೇಡಿ, ಹೊರಗಿನಿಂದ ತನ್ನಿ. ನಮ್ಮ ಹೆಂಗಸರು ಮೇ ತಿಂಗಳವರೆಗೆ ಆ ನೀರಿನಲ್ಲಿ ಮನೆ ನಡೆಸಬೇಕು. ಪಂಪನ್ನು ಎಲ್ಲರೆದುರು, ಕತ್ತಲೆಯಲ್ಲಿಯೇ ಒಮ್ಮೆ ಶುರು ಮಾಡಿ ನೋಡಿ. ಪೈಪು ಗೇರು ತೋಪಿನ ಅಂಚಿನವರೆಗೆ ಮುಟ್ಟುತ್ತದೆಯೇ? ನಮ್ಮದು ಮುಟ್ಟುತ್ತಿರಲಿಲ್ಲ, ಮನೆಯ ಎದುರಿಗೆ ಮಾತ್ರ ಸಾಕಾಗುವಷ್ಟಿತ್ತು.

ಇನ್ನು ಮೈಗೆ ಬೆಂಕಿ ಹಚ್ಚಿಕೊಂಡು ಓಡುವವನ ವಿಷಯ. ಅವನ ಜೀವ ಉಳಿಸುವುದು ಒಳಗಿನ ಹತ್ತಿ ಅಥವಾ ಬೆಂಕಿ ತಡೆಯುವ ಬಟ್ಟೆಯ ಪದರಗಳು ಮತ್ತು ಅದಕ್ಕೆ ಮೆತ್ತಿದ ತಣ್ಣನೆಯ ಜೆಲ್. ಪಾಲಿಯೆಸ್ಟರ್ ಸೇರಿದ ಬಟ್ಟೆ ಒಂದೂ ಇರಬಾರದು, ಅದು ಕರಗಿ ಚರ್ಮಕ್ಕೆ ಅಂಟುತ್ತದೆ, ಬಿಡಿಸಿದರೆ ಚರ್ಮವೂ ಬರುತ್ತದೆ. ವಸ್ತ್ರಾಲಂಕಾರದವರು ಹತ್ತಿ ಎಂದು ಹೇಳಿದರೂ ಒಂದು ನೂಲು ಎಳೆದು ಸುಟ್ಟು ನೋಡಿ. ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಗಟ್ಟಿ ಮಣಿಯಾಗುತ್ತದೆ.

ಜೆಲ್ ತಂಪಾಗಿ ಒದ್ದೆಯಾಗಿ ಇರುವಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ. ಆಮೇಲೆ ಅದರಲ್ಲಿರುವ ನೀರೇ ಕುದಿದು ಹಬೆಯಾಗಿ ಮೈ ಬೇಯಿಸುತ್ತದೆ. ಆದ್ದರಿಂದ ಎಷ್ಟು ಸೆಕೆಂಡು ಉರಿಯಬೇಕು ಎಂಬುದನ್ನು ಸಾಹಸ ನಿರ್ದೇಶಕರು ಮೊದಲೇ ನಿಗದಿಪಡಿಸಬೇಕು, ಒಬ್ಬ ಗಟ್ಟಿಯಾಗಿ ಎಣಿಸಬೇಕು. ಹತ್ತು ಎಂದರೆ ಹತ್ತು, ಉರಿ ಚೆನ್ನಾಗಿ ಬಂದಿದೆ ಎಂದು ಹನ್ನೆರಡು ಮಾಡುವ ಹಾಗಿಲ್ಲ. ಜೆಲ್ ಮೆತ್ತುವ ಮೊದಲೇ ಕ್ಯಾಮೆರಾ, ಬೆಳಕು ಎಲ್ಲ ಸಿದ್ಧವಿರಬೇಕು. ಫೋಕಸ್ ಸರಿ ಮಾಡಲು ಕಾಲು ಗಂಟೆ ತಡವಾದರೆ ಒರೆಸಿ ಹೊಸದಾಗಿ ಮೆತ್ತಬೇಕು. ಉರಿಯುತ್ತಿರುವಷ್ಟು ಹೊತ್ತು ಅವನು ಉಸಿರು ಎಳೆಯುವುದಿಲ್ಲ, ಒಮ್ಮೆ ಎಳೆದರೂ ಬಿಸಿಗಾಳಿ ಗಂಟಲು ಸುಡುತ್ತದೆ. ಅಂದರೆ ಅವನು ಕೂಗಿ ಹೇಳಲಾರ. ಸಾಕು ಎನಿಸಿದರೆ ಅಂಗಾತವಲ್ಲ, ಬೋರಲು ಮಲಗಬೇಕು. ಮಲಗಿದನೆಂದರೆ ಅಭಿನಯವೋ ನಿಜವೋ ಎಂದು ಯೋಚಿಸದೆ ಆರಿಸಬೇಕು. ಹಾಗಾಗಿ ದೃಶ್ಯದಲ್ಲಿ ಬೀಳುವ ಅಭಿನಯವನ್ನೇ ಇಡಬೇಡಿ. ಒದ್ದೆ ಕಂಬಳಿ ತಲೆಯಿಂದ ಕಾಲಿನ ಕಡೆಗೆ ಹೊದೆಸಬೇಕು, ಉರಿ ಮುಖದಿಂದ ದೂರ ಹೋಗಲಿ ಎಂದು.

ಸುಟ್ಟರೆ ಮೊದಲ ಔಷಧಿ ಹರಿಯುವ ತಣ್ಣೀರು, ಪೂರ್ತಿ ಇಪ್ಪತ್ತು ನಿಮಿಷ. ಮಂಜುಗಡ್ಡೆ ಬೇಡ, ಟೂತ್‌ಪೇಸ್ಟ್, ಎಣ್ಣೆ ಬೇಡವೇ ಬೇಡ. ಗುಡ್ಡೆಯ ಮೇಲೆ ನಲ್ಲಿ ಇಲ್ಲ. ನಿಮಿಷಕ್ಕೆ ಆರು ಲೀಟರ್ ಹರಿದರೆ ಇಪ್ಪತ್ತು ನಿಮಿಷಕ್ಕೆ 120 ಲೀಟರ್. 200 ಲೀಟರಿನ ಒಂದು ಡ್ರಮ್ಮಿನಲ್ಲಿ ಕುಡಿಯುವಂಥ ಶುದ್ಧ ನೀರು, ಒಂದು ಪೈಪು, ಇಷ್ಟು ಸಾಕು. ಅದರಲ್ಲಿ ಯಾರೂ ಲೋಟ ತೊಳೆಯಬಾರದು. ಮೂಗಿನಲ್ಲಿ ಮಸಿ ಕಂಡರೆ ಅಥವಾ ಸ್ವರ ಒಡೆದಿದ್ದರೆ ಗಂಟಲು ಸುಟ್ಟಿರಬಹುದು ಎಂದರ್ಥ. ಅಂಥವರನ್ನು ಇಪ್ಪತ್ತು ನಿಮಿಷ ನಿಲ್ಲಿಸಿಕೊಳ್ಳದೆ, ದಾರಿಯಲ್ಲೇ ತಂಪು ಮಾಡುತ್ತಾ ಕೂಡಲೇ ಹೊರಡಿಸಬೇಕು.

ಹೊರಡುವುದು ಹೇಗೆ ಎಂಬುದೇ ನಮ್ಮ ಆ ರಾತ್ರಿಯ ದೊಡ್ಡ ನೋವು. ಪದವಿಗೆ ಇದ್ದದ್ದು ಒಂದೇ ದಾರಿ, ಒಂದು ವಾಹನದ ಅಗಲ. ಅದರ ಬಾಯಲ್ಲಿ ನೀರಿನ ಟ್ಯಾಂಕರ್ ಮೂತಿ ಒಳಗೆ ಮಾಡಿ ನಿಂತಿತ್ತು. ನಾವು 108ಕ್ಕೆ ಕರೆ ಮಾಡಿದಾಗ ಫೋನು ಗಡಿಯಾಚೆಯ ಟವರ್ ಹಿಡಿದಿತ್ತು. ಎತ್ತಿದವರು ಯಾವ ತಾಲೂಕು ಎಂದು ಕನ್ನಡದಲ್ಲಿ ಕೇಳಿದರು, ನಾವು ಮಂಜೇಶ್ವರ ಎಂದೆವು. ಅದು ಕೇರಳ ಅಲ್ವಾ ಎಂದರು. ಅವರ ತಪ್ಪೇನೂ ಇಲ್ಲ, ಗಡಿನಾಡಿನವರಿಗೆ ಇದು ಹೊಸತೂ ಅಲ್ಲ. ಕೊನೆಗೆ ಊರಿನ ಜೀಪಿನಲ್ಲಿ, ಟ್ಯಾಂಕರನ್ನು ಹಿಂದಕ್ಕೆ ತೆಗೆಸಿ, ಹುಡುಗನನ್ನು ಗುಡ್ಡೆ ಇಳಿಸುವಾಗ ಐವತ್ತು ನಿಮಿಷ ಕಳೆದಿತ್ತು. ತೊಡೆಯ ಮೂಳೆ ಮುರಿದರೆ ಹೊರಗೆ ಒಂದು ಹನಿಯೂ ಕಾಣದೆ ಒಳಗೇ ಒಂದು ಲೀಟರಿಗಿಂತ ಹೆಚ್ಚು ರಕ್ತ ಹೋಗಬಹುದು ಎಂದು ವೈದ್ಯರು ಆಮೇಲೆ ಹೇಳಿದರು. ನಾವು ಅವನನ್ನು ಕೈಕಾಲು ಹಿಡಿದು ಎತ್ತಿದ್ದೆವು. ಸ್ಟ್ರೆಚರ್ ಇರಲಿಲ್ಲ, ಬೆನ್ನುಹುರಿಗೆ ಏನಾಗಿದೆಯೆಂದು ನೋಡುವ ಯೋಚನೆಯೂ ಬರಲಿಲ್ಲ.

ಹಾಗಾಗಿ ತುರ್ತು ಯೋಜನೆ ಎಂದರೆ ನನ್ನ ಮಟ್ಟಿಗೆ ಒಂದು ಹಾಳೆ. ಅದರಲ್ಲಿ 112, 108ರ ಜೊತೆಗೆ ಹತ್ತಿರದ ಅಗ್ನಿಶಾಮಕ ಠಾಣೆಯ ನೇರ ದೂರವಾಣಿ ಸಂಖ್ಯೆ ಇರಬೇಕು. ಗಡಿಯ ಬಳಿಯಾದರೆ ಎರಡೂ ರಾಜ್ಯದ್ದು, ಏಕೆಂದರೆ ಕೆಲವು ಗುಡ್ಡೆಗಳಿಗೆ ಉಪ್ಪಳಕ್ಕಿಂತ ಪುತ್ತೂರು ಹತ್ತಿರ. ಜಾಗದ ಹೆಸರು ಊರವರು ಹೇಳುವ ಹಾಗೆ, ಮುಖ್ಯರಸ್ತೆಯಿಂದ ಎಲ್ಲಿ ತಿರುಗಬೇಕು ಎಂಬುದು ಕನ್ನಡ ಮತ್ತು ಮಲಯಾಳ ಎರಡರಲ್ಲೂ, ಮತ್ತು ಆ ತಿರುವಿನಲ್ಲಿ ಟಾರ್ಚ್ ಹಿಡಿದು ನಿಲ್ಲುವವನ ಹೆಸರು. ಆಂಬುಲೆನ್ಸ್ ಗುಡ್ಡೆಯ ಮೇಲೆಯೇ, ದಾರಿಯ ಬಾಯಲ್ಲಿ, ಮೂತಿ ಹೊರಗೆ ಮಾಡಿ ನಿಲ್ಲಬೇಕು, ಬೇರೆ ಎಲ್ಲ ವಾಹನ ಅದರ ಹಿಂದೆ. ತೀವ್ರ ಸುಟ್ಟಗಾಯವಾದರೆ ನಮ್ಮ ಕಡೆಯವರು ಮಂಗಳೂರಿಗೇ ಓಡುತ್ತೇವೆ. ಆ ಸಂಜೆಯೇ ಆಸ್ಪತ್ರೆಗೆ ಫೋನ್ ಮಾಡಿ ಸುಟ್ಟಗಾಯದ ವಿಭಾಗದಲ್ಲಿ ಇವತ್ತು ಹಾಸಿಗೆ ಇದೆಯೇ, ರಾತ್ರಿ ಯಾರು ಕರ್ತವ್ಯದಲ್ಲಿದ್ದಾರೆ ಎಂದು ಕೇಳಿ ಬರೆದುಕೊಳ್ಳಬೇಕು. ಇಲ್ಲವೆಂದರೆ ಎರಡನೆಯ ಆಸ್ಪತ್ರೆ. ಎಲ್ಲಿಯೂ ಇಲ್ಲವೆಂದರೆ ಆ ರಾತ್ರಿ ಬೆಂಕಿ ಹಚ್ಚಬಾರದು.

ಬೆಳಕಿಗೆ ಎರಡು ಮಾತು. ಕೋರೆಯ ಅಂಚಿನಿಂದ ಮೂರು ಮೀಟರ್ ಹಿಂದೆಯೇ ಬಿದಿರು ನೆಟ್ಟು ಹಗ್ಗ ಕಟ್ಟಿ, ಅದಕ್ಕೆ ಬ್ಯಾಟರಿಯ ಸಣ್ಣ ದೀಪಗಳ ಸರ ತೂಗುಹಾಕಿ. ಕ್ಯಾಮೆರಾದಲ್ಲಿ ಕಾಣುತ್ತದೆಯೆಂದು ಛಾಯಾಗ್ರಾಹಕರು ಹೇಳಿದರೆ ಕ್ಯಾಮೆರಾದ ಕೋನ ಬದಲಾಗಬೇಕು, ದೀಪ ಅಲ್ಲ. ಮುಖ್ಯ ಜನರೇಟರಿಗೆ ಸಂಬಂಧವಿಲ್ಲದ ಬ್ಯಾಟರಿ ಫ್ಲಡ್‌ಲೈಟ್ ನಾಲ್ಕು ಮೂಲೆಗೆ ಇರಲಿ. ಬೆಂಕಿ ಆರಿದ ಕೂಡಲೇ ಅವು ಹೊತ್ತಬೇಕು, ಆ ಬೆಳಕು ಬರುವವರೆಗೆ ಯಾರೂ ನಿಂತಲ್ಲಿಂದ ಕದಲಬಾರದು. ಕ್ರೇನ್ ಇದ್ದರೆ ಮೇಲಿನ ವಿದ್ಯುತ್ ತಂತಿಯನ್ನು ಹಗಲೇ ಗುರುತಿಸಿ, ಇಲಾಖೆಗೆ ಹೇಳಿ ಸಂಪರ್ಕ ತಪ್ಪಿಸಿ. 2021ರ ಆಗಸ್ಟಿನಲ್ಲಿ ಬಿಡದಿಯ ಬಳಿ ಹಾಡಹಗಲೇ ಚಿತ್ರೀಕರಣದ ಕ್ರೇನಿಗೆ ಹೈಟೆನ್ಷನ್ ತಂತಿ ತಗಲಿ ಒಬ್ಬ ಸಾಹಸ ಕಲಾವಿದ ಸತ್ತ. ರಾತ್ರಿ ಆ ತಂತಿ ಕಾಣುವುದೇ ಇಲ್ಲ.

ಕೊನೆಯದಾಗಿ, ನಿಲ್ಲಿಸುವ ಅಧಿಕಾರ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಇಬ್ಬರು ನಟರು ಹೆಲಿಕಾಪ್ಟರಿನಿಂದ ಹಾರಿ ಮುಳುಗಿ ಹೋದದ್ದನ್ನು ಕನ್ನಡಿಗರು ಯಾರೂ ಮರೆತಿಲ್ಲ. ಚೆನ್ನಾಗಿ ಈಜು ಬಾರದು ಎಂದು ಅವರೇ ಮೊದಲು ಹೇಳಿಕೊಂಡಿದ್ದರು. ಹಾರುವುದಕ್ಕೆ ಸಿದ್ಧತೆ ಇತ್ತು, ನೀರಿನಿಂದ ಎತ್ತುವುದಕ್ಕೆ ಇರಲಿಲ್ಲ. ಅಂಥ ಗಳಿಗೆಯಲ್ಲಿ ಬೇಡ ಎಂದು ಹೇಳುವ ಒಬ್ಬರು ಬೇಕು, ಅವರ ಸಂಬಳ, ಮುಂದಿನ ಅವಕಾಶ ನಿರ್ದೇಶಕರ ಕೈಯಲ್ಲಿ ಇರಬಾರದು. ಸುರಕ್ಷತೆಯ ಹೊಣೆಯವರು ನಿರ್ಮಾಪಕರಿಗೆ ನೇರ ಉತ್ತರಿಸಲಿ. ಅವರು ಸೀಟಿ ಊದಿದರೆ ಎಲ್ಲ ನಿಲ್ಲಬೇಕು, ಯಾಕೆ ಎಂದು ಆಮೇಲೆ ಕೇಳಬಹುದು. ಸೀಟಿ ಎಂದೇ ಹೇಳುತ್ತೇನೆ, ಪದ ಅಲ್ಲ. ನಮ್ಮ ಗುಡ್ಡೆಯ ಮೇಲೆ ಆ ರಾತ್ರಿ ಕನ್ನಡ, ತುಳು, ಮಲಯಾಳ, ಬ್ಯಾರಿ, ತಮಿಳು, ಹಿಂದಿ ಇದ್ದವು. ಮೂರು ಉದ್ದ ಸೀಟಿ ಎಲ್ಲ ಭಾಷೆಯಲ್ಲೂ ಒಂದೇ. ದೃಶ್ಯಕ್ಕೆ ಮೊದಲು ಎಲ್ಲರನ್ನೂ ನಿಲ್ಲಿಸಿ, ಊರಿನ ಭಾಷೆಯಲ್ಲೂ ಒಮ್ಮೆ ಹೇಳಿ, ಸೀಟಿ ಊದಿ, ಎಲ್ಲರೂ ಸೇರುವ ಜಾಗಕ್ಕೆ ನಡೆಸಿ, ತಲೆ ಎಣಿಸಿ. ಹತ್ತು ನಿಮಿಷದ ಕೆಲಸ. ಆ ರಾತ್ರಿ ನಾವು ತಲೆ ಎಣಿಸಿರಲಿಲ್ಲ, ಹುಡುಗ ಕೋರೆಯಲ್ಲಿದ್ದಾನೆಂದು ನಮಗೆ ತಿಳಿದದ್ದು ಅವನ ಕೂಗು ಕೇಳಿದ ಮೇಲೆ.

ಪಂಚಾಯತಿನವರಲ್ಲಿ ನನ್ನ ಬೇಡಿಕೆ ಇದು. ರಾತ್ರಿಯ ಬೆಂಕಿ, ಸಾಹಸ ದೃಶ್ಯಗಳಿಗೆ ಅನುಮತಿ ಕೇಳಿ ಬಂದವರಿಂದ ಬಾಡಿಗೆ, ಠೇವಣಿ ಮಾತ್ರ ಕೇಳಬೇಡಿ. ಯಾವ ರಾತ್ರಿ, ಎಷ್ಟು ಗಂಟೆಗೆ ಬಂದು ಜಾಗ ನೋಡಿದಿರಿ, ಗಾಳಿ ಯಾವ ದಿಕ್ಕಿಗಿತ್ತು, ನೀರು ಎಷ್ಟು ಲೀಟರ್, ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ, ನಿಲ್ಲಿಸುವವರು ಯಾರು ಎಂದು ಕೇಳಿ. ಊರಿನಿಂದ ಬರುವ ಜೂನಿಯರ್ ಕಲಾವಿದರ ಹೆಸರೂ ವಿಮೆಯ ಪಟ್ಟಿಯಲ್ಲಿ ಇದೆಯೇ ಎಂದು ಪಟ್ಟಿ ತರಿಸಿ ನೋಡಿ. ನಮ್ಮ ಹುಡುಗನ ಹೆಸರು ಇರಲಿಲ್ಲ. ಒಂದು ದಿನದ ಕೂಲಿಗೆ ಬಂದವನೆಂದು ಬಿಟ್ಟಿದ್ದರು. ಎರಡು ಶಸ್ತ್ರಚಿಕಿತ್ಸೆಯ ಖರ್ಚನ್ನು ಊರವರು ಸೇರಿಸಿ ಕೊಟ್ಟದ್ದು. ಈಗಲೂ ಅವನು ಅಡಿಕೆ ಮರ ಹತ್ತಲಾರ, ಈ ಊರಿನಲ್ಲಿ ಅದರ ಅರ್ಥ ಏನೆಂದು ನಿಮಗೆ ಹೇಳಬೇಕಾಗಿಲ್ಲ.

ಮುಳಿ ಒಣಗಲು ಶುರುವಾಗುವುದು ನವೆಂಬರಿನಲ್ಲಿ, ಅರ್ಜಿಗಳು ಬರುವುದೂ ಆಗಲೇ. ನಿರ್ಮಾಪಕರೇ, ಜಾಗ ನೋಡಲು ಬರುವಾಗ ರಾತ್ರಿ ಹತ್ತಕ್ಕೆ ಬನ್ನಿ. ಟಾರ್ಚ್, ಅಳೆಯುವ ಟೇಪು, ಕೋಲಿಗೆ ಕಟ್ಟಲು ಒಂದು ಬಿಳಿ ಬಟ್ಟೆ ತನ್ನಿ. ಗುಡ್ಡೆ ತೋರಿಸಲು ನಾನು ಬರುತ್ತೇನೆ, ಆ ರಾತ್ರಿಗೆ ನನ್ನ ಸಂಬಳ ಬೇಡ.

ಇಂತಿ,
ಮಂಜೇಶ್ವರ ತಾಲೂಕಿನ ಒಬ್ಬ ಲೊಕೇಶನ್ ಮ್ಯಾನೇಜರ್